AP = 5 ಸರಿಯಾಗಿ ಬಂದಿದೆ, P ಮಾತ್ರ ತಪ್ಪಂತೆ. ಇದು ಹೇಗೆ? (ಪ್ರಶ್ನೆಯ ಫೋಟೋ ಹಾಕಿದ್ದೇನೆ)

ಅಂಕೋಲೆ_ಚಿಕ್ಕಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತ ಪೇಪರ್ ತಿದ್ದಿ ಕೊಟ್ಟಿದ್ದಾರೆ. ಅದರಲ್ಲಿ ಒಂದು ಪ್ರಶ್ನೆಯ ಫೋಟೋ ತೆಗೆದು ಹಾಕಿದ್ದೇನೆ. ಹಾಳೆ ಮಡಚಿದ ಗೆರೆ B ಹತ್ತಿರವೇ ಹಾದುಹೋಗಿದೆ, ಅಲ್ಲಿ ಸ್ವಲ್ಪ ಮಸುಕಾಗಿದೆ. ಹಾಗಾಗಿ ಪ್ರಶ್ನೆಯನ್ನು ಇಲ್ಲಿ ಟೈಪ್ ಕೂಡ ಮಾಡುತ್ತೇನೆ.

"ಚಿತ್ರದಲ್ಲಿ ABC ತ್ರಿಭುಜವನ್ನು ನಿರ್ದೇಶಾಂಕ ಅಕ್ಷಗಳ ಮೇಲೆ ರಚಿಸಲಾಗಿದೆ. (i) ABC ಒಂದು ಸಮದ್ವಿಬಾಹು ಲಂಬಕೋನ ತ್ರಿಭುಜ ಎಂದು ತೋರಿಸಿ. (ii) P ಬಿಂದುವು BC ಬಾಹುವನ್ನು 1 : 2 ಅನುಪಾತದಲ್ಲಿ ವಿಭಾಗಿಸಿದರೆ, P ಯ ನಿರ್ದೇಶಾಂಕಗಳನ್ನೂ AP ಯ ಉದ್ದವನ್ನೂ ಕಂಡುಹಿಡಿಯಿರಿ."

ಒಟ್ಟು 4 ಅಂಕ. ಮೊದಲ ಭಾಗಕ್ಕೆ ಅವಳಿಗೆ ಪೂರ್ತಿ ಕೊಟ್ಟಿದ್ದಾರೆ. ಎರಡನೇ ಭಾಗದಲ್ಲಿ ಅವಳು P = (4, 1), AP = 5 ಎಂದು ಬರೆದಿದ್ದಾಳೆ. ಅದಕ್ಕೆ ಬರೀ ಅರ್ಧ ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ P = (1, 0), AP = 5 ಎಂದು ಬರೆದಿದ್ದಾರೆ. ಅಂದರೆ AP ಅವಳದ್ದೂ 5, ಸರಿ ಉತ್ತರವೂ 5! P ತಪ್ಪಾಗಿದ್ದರೆ ಅದರಿಂದ ಬಂದ AP ಕೂಡ ತಪ್ಪಾಗಬೇಕಲ್ವಾ? ಅವಳು ನಿನ್ನೆಯಿಂದ ಇದನ್ನೇ ಕೇಳುತ್ತಿದ್ದಾಳೆ. ನಾನು ಓದಿದ್ದು ಕಾಮರ್ಸ್. ಉತ್ತರ ಹೇಳಲು ಆಗುತ್ತಿಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ.

ಕಾಳಿ_ತೀರ

ಅಕ್ಕ, ಪ್ರಶ್ನೆಯೇ ತಪ್ಪು ಅನ್ನಿಸುತ್ತದೆ. ಫೋಟೋವನ್ನು ಪ್ರಿಂಟ್ ತೆಗೆದು ಕೋನಮಾಪಕ ಇಟ್ಟು ನೋಡಿದೆ. A ಹತ್ತಿರ 108 ಡಿಗ್ರಿ ಬರುತ್ತದೆ. ಲಂಬಕೋನ ಎಲ್ಲಿ ಬಂತು? ಸ್ಕೇಲ್ ಇಟ್ಟರೆ AB ನಾಲ್ಕೂವರೆ ಸೆಂಟಿಮೀಟರ್, AC ಐದು ಮುಕ್ಕಾಲಿಗೆ ಹತ್ತಿರ. ಸಮದ್ವಿಬಾಹುವೂ ಅಲ್ಲ. ಮೊದಲ ಭಾಗವೇ ನಿಲ್ಲುವುದಿಲ್ಲ ಎಂದಮೇಲೆ ಎರಡನೇ ಭಾಗದ ಬಗ್ಗೆ ಏನು ಮಾತಾಡೋದು. ಆ ನಾಲ್ಕೂ ಅಂಕ ಎಲ್ಲ ಮಕ್ಕಳಿಗೂ ಕೊಡಬೇಕು.

ಹೊನ್ನಾವರ_ಟೆಂತ್

ನಾನೂ ಈ ವರ್ಷ ಹತ್ತನೇ ತರಗತಿ. ನಾನು ಬಿಡಿಸಿ ನೋಡಿದೆ. A(1, 5), C(7, 2), B(−1, −2) ತೆಗೆದುಕೊಂಡೆ. AC = √(36 + 9) = √45 ಬಂತು. AB = √(4 + 49) = √53 ಬಂತು. ಎರಡೂ ಸಮ ಇಲ್ಲ. ಹಾಗಾದರೆ ಕಾಳಿ ತೀರ ಅಣ್ಣ ಹೇಳಿದ್ದು ಸರಿ ಇರಬಹುದು.

ಕುಮಟಾ_ಮಾಸ್ತರು

ಪ್ರಶ್ನೆ ಸರಿಯಾಗಿದೆ. ಒಂದೊಂದಾಗಿ ನೋಡೋಣ.

ಹೊನ್ನಾವರದ ತಮ್ಮಾ, ಮೊದಲು ನಿನ್ನ B. ಮಡಿಕೆ ಬಿದ್ದಿದ್ದರಿಂದ ಅಕ್ಷದ ಕೆಳಗಿನ ಅಂಕಿ ಓದಲು ಆಗುವುದಿಲ್ಲ, ನಿಜ. ಆದರೆ ಅಂಕಿ ಕಾಣದಿದ್ದರೂ ಚೌಕ ಕಾಣುತ್ತದೆ. ಮೂಲಬಿಂದುವಿನಿಂದ ಹೊರಟು B ತನಕ ಎಣಿಸು. ಎಡಕ್ಕೆ ಎರಡು ಚೌಕ, ಕೆಳಕ್ಕೆ ಒಂದು. ಅಂದರೆ B(−2, −1). ನೀನು ಕೆಳಗಿನದನ್ನು ಮೊದಲು ಬರೆದಿದ್ದೀಯ. ಅಡ್ಡ ಮೊದಲು, ಮೇಲೆ ಕೆಳಗೆ ಆಮೇಲೆ. A ಮತ್ತು C ಎರಡೂ ಬಲಗಡೆ ಮೇಲಿನ ಭಾಗದಲ್ಲಿವೆ, ಚಿಹ್ನೆಯ ತೊಂದರೆ ಇಲ್ಲ, ಅಲ್ಲಿ ನೀನು ಸರಿಯಾಗಿ ಓದಿದ್ದೀಯ. B ಮಾತ್ರ ಎರಡೂ ಕಡೆ ಋಣ ಇರುವ ಮೂರನೇ ಚತುರ್ಥಕದಲ್ಲಿದೆ. ಅಲ್ಲಿ (−2, −1) ಮತ್ತು (−1, −2) ನೋಡಲಿಕ್ಕೆ ಒಂದೇ ತರಹ ಕಾಣುತ್ತವೆ. ಹಾಗಾಗಿ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಈಗ ಲೆಕ್ಕ:

AB: ಅಡ್ಡ ವ್ಯತ್ಯಾಸ 3, ನೆಟ್ಟ ವ್ಯತ್ಯಾಸ 6. √(9 + 36) = √45
AC: ಅಡ್ಡ 6, ನೆಟ್ಟ 3. √(36 + 9) = √45
BC: ಅಡ್ಡ 9, ನೆಟ್ಟ 3. √(81 + 9) = √90

AB, AC ಸಮ. 45 + 45 = 90, ಆದ್ದರಿಂದ A ಯಲ್ಲಿ ಲಂಬಕೋನ. ಮೊದಲ ಭಾಗ ಮುಗಿಯಿತು.

"ತೋರಿಸಿ" ಎಂದು ಕೇಳಿದ ಪ್ರಶ್ನೆಯಲ್ಲಿ √53, √45 ಅಂತ ಬಂದರೆ ಪ್ರಶ್ನೆ ತಪ್ಪು ಎನ್ನುವ ಮೊದಲು ಬಿಂದುಗಳನ್ನು ಮತ್ತೆ ಓದಬೇಕು. ಫೋಟೋದಿಂದ ಓದಿದ್ದಾದರೆ ಇನ್ನೂ ಜಾಸ್ತಿ. ಅಲ್ಲಿ ಉತ್ತರ ಏನು ಬರಬೇಕು ಎಂದು ಪ್ರಶ್ನೆಯೇ ಹೇಳಿಬಿಟ್ಟಿದೆ.

ಕೋನಮಾಪಕದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ.

ಭಟ್ಕಳ_ಸಂಜೆಕ್ಲಾಸ್

ನಾನು ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಎರಡನೇ ಭಾಗದಲ್ಲಿ ಹುಡುಗಿ ಏನು ಮಾಡಿದ್ದಾಳೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಸೂತ್ರ ಇದು:

x = (m₁x₂ + m₂x₁) / (m₁ + m₂)

m₁ ಜೊತೆ x₂ ಹೋಗಬೇಕು. ಅಂದರೆ 1 × 7 + 2 × (−2) = 3. ಅದನ್ನು 3 ರಿಂದ ಭಾಗಿಸಿದರೆ 1. y ಗೆ 1 × 2 + 2 × (−1) = 0. P(1, 0). ಅವಳು m₁ ಜೊತೆ x₁ ಗುಣಿಸಿದ್ದಾಳೆ. 1 × (−2) + 2 × 7 = 12, ಭಾಗಿಸಿದರೆ 4. y ಗೆ 1 × (−1) + 2 × 2 = 3, ಭಾಗಿಸಿದರೆ 1. ಹೀಗೆ (4, 1).

ನಾನು ಮಕ್ಕಳಿಗೆ ಹೇಳಿಕೊಡುವುದು ಒಂದೇ. ಉತ್ತರ ಭಿನ್ನರಾಶಿಯಲ್ಲಿ ಬಂದರೆ ಎಲ್ಲೋ ಅದಲುಬದಲು ಆಗಿದೆ ಎಂದು ತಿಳಿದುಕೊಂಡು ತಿರುಗಿಸಿ ಮಾಡಿ. ಪೂರ್ಣಾಂಕ ಬಂದರೆ ಸರಿ.

ಯಲ್ಲಾಪುರ_ಅಕ್ಕೋರು

ಭಟ್ಕಳದವರೇ, ಸೂತ್ರ ಹಾಕಿದ್ದು ಸರಿ. ಕೊನೆಯ ಮಾತು ಮಾತ್ರ ಮಕ್ಕಳಿಗೆ ಹೇಳಬೇಡಿ. ಈ ಲೆಕ್ಕದಲ್ಲೇ ನೋಡಿ, (4, 1) ಕೂಡ ಪೂರ್ಣಾಂಕ. ಈ ಹುಡುಗಿ ನಿಮ್ಮ ನಿಯಮ ಹಿಡಿದುಕೊಂಡಿದ್ದರೂ ಸಿಕ್ಕಿಬೀಳುತ್ತಿದ್ದಳು. ಮೂರು ಭಾಗ ಮಾಡಿದಾಗ ಒಂದು ತುದಿಯಿಂದ ಪೂರ್ಣಾಂಕ ಬಂದರೆ ಇನ್ನೊಂದು ತುದಿಯಿಂದಲೂ ಪೂರ್ಣಾಂಕವೇ ಬರುತ್ತದೆ. ಇಲ್ಲಿ ಅಡ್ಡ ವ್ಯತ್ಯಾಸ 9, ನೆಟ್ಟ ವ್ಯತ್ಯಾಸ 3. ಎರಡೂ ಮೂರರಿಂದ ಭಾಗವಾಗುತ್ತವೆ. ಅದಲುಬದಲು ಆಗಿದೆಯೋ ಇಲ್ಲವೋ ಎಂದು ಭಿನ್ನರಾಶಿಯಿಂದ ತಿಳಿಯುವುದೇ ಇಲ್ಲ.

ಪ್ರಶ್ನೆಪತ್ರಿಕೆಯಲ್ಲಿ ಸರಿ ಉತ್ತರವೇ ಭಿನ್ನರಾಶಿಯಲ್ಲಿ ಇರುವುದೂ ಉಂಟು. ಆಗ ಮಕ್ಕಳು ಸರಿ ಇದ್ದದ್ದನ್ನು ಹೊಡೆದು ತಪ್ಪು ಬರೆಯುತ್ತಾರೆ.

ಅಂಕೋಲೆ_ಚಿಕ್ಕಮ್ಮ

ಅದಲುಬದಲು ಆಗಿದ್ದು ತಿಳಿಯಿತು, ಅವಳೂ ಒಪ್ಪಿದಳು. ಆದರೆ ಅವಳ ಪ್ರಶ್ನೆ ಹಾಗೇ ಉಳಿದಿದೆ. P ತಪ್ಪಾದರೂ AP = 5 ಹೇಗೆ ಬಂತು? ಅವಳ (4, 1) ಇಂದ ನಾನೇ ಮಾಡಿ ನೋಡಿದೆ. 4 ರಲ್ಲಿ 1 ಕಳೆದರೆ 3, 1 ರಲ್ಲಿ 5 ಕಳೆದರೆ −4. 9 + 16 = 25. ಐದೇ ಬರುತ್ತದೆ.

ಕುಮಟಾ_ಮಾಸ್ತರು

ಅಕ್ಕಾ, ಮಗು ಕೇಳಿದ್ದು ಬಹಳ ಒಳ್ಳೆ ಪ್ರಶ್ನೆ. ಇದು ಕಾಕತಾಳೀಯ ಅಲ್ಲ.

BC ಯ ಮಧ್ಯಬಿಂದು ತೆಗೆಯಿರಿ. (−2 + 7)/2 = 2.5, (−1 + 2)/2 = 0.5. ಅದನ್ನು M ಎನ್ನೋಣ, M(2.5, 0.5). ಈಗ P ಗಳೆರಡನ್ನೂ ನೋಡಿ. (1, 0) ಇಂದ M ಗೆ ಬಲಕ್ಕೆ 1.5, ಮೇಲಕ್ಕೆ 0.5. M ಇಂದ (4, 1) ಗೆ ಕೂಡ ಬಲಕ್ಕೆ 1.5, ಮೇಲಕ್ಕೆ 0.5. ಎರಡೂ M ನಿಂದ ಸಮದೂರ, ಒಂದು ಈಚೆ, ಒಂದು ಆಚೆ. AB, AC ಸಮ ಇರುವುದರಿಂದ AM ಗೆರೆ BC ಗೆ ಲಂಬ. ಆ ಗೆರೆಯ ಈಚೆ ಆಚೆ ಸಮದೂರದಲ್ಲಿರುವ ಯಾವ ಎರಡು ಬಿಂದು ತೆಗೆದುಕೊಂಡರೂ A ಇಂದ ಅವುಗಳ ದೂರ ಒಂದೇ. B, C ಗಳೇ ಅದಕ್ಕೆ ಮೊದಲ ಉದಾಹರಣೆ, ಎರಡೂ √45.

ಹಾಗಾಗಿ ಸಮದ್ವಿಬಾಹು ತ್ರಿಭುಜದಲ್ಲಿ ಪಾದವನ್ನು 1 : 2 ಮಾಡಿದರೂ 2 : 1 ಮಾಡಿದರೂ ಶೃಂಗದಿಂದ ಉದ್ದ ಬದಲಾಗುವುದೇ ಇಲ್ಲ. ಬಾಹುಗಳು ಬೇರೆಬೇರೆ ಉದ್ದ ಇದ್ದಿದ್ದರೆ AP ಬೇರೆ ಬರುತ್ತಿತ್ತು, ಉತ್ತರ ತಾಳೆ ನೋಡಿದಾಗಲಾದರೂ ಅವಳಿಗೆ ಸಂಶಯ ಬರುತ್ತಿತ್ತು.

ಇಲ್ಲಿ P ಸರಿಯೋ ಎಂದು ನೋಡಲು AP ಪ್ರಯೋಜನಕ್ಕೆ ಬರುವುದಿಲ್ಲ. ನೋಡಬೇಕಾದದ್ದು BP ಮತ್ತು PC. ದೂರ ಸೂತ್ರವನ್ನು ಅಲ್ಲಿ ಹಾಕಿ. P(1, 0) ಆದರೆ BP = √(9 + 1) = √10, PC = √(36 + 4) = √40, ಅಂದರೆ 2√10. ಒಂದಕ್ಕೆ ಎರಡು, ಸರಿ. P(4, 1) ಆದರೆ BP = √(36 + 4) = 2√10, PC = √(9 + 1) = √10. ಎರಡಕ್ಕೆ ಒಂದು. ತಪ್ಪು ತಕ್ಷಣ ಕಾಣುತ್ತದೆ.

ಹೊನ್ನಾವರ_ಟೆಂತ್

ಸರ್, ಪರೀಕ್ಷೆಯಲ್ಲಿ ಇಷ್ಟೆಲ್ಲ ಮಾಡಲು ಟೈಮ್ ಇರುವುದಿಲ್ಲ. ಬೇಗ ತಾಳೆ ನೋಡುವ ದಾರಿ ಇದೆಯಾ? m₁ ಯಾವ ಕಡೆ ಅಂತ ನನಗೂ ಯಾವಾಗಲೂ ಗೊಂದಲ.

ಕುಮಟಾ_ಮಾಸ್ತರು

ಇದೆ ತಮ್ಮಾ. B ಇಂದ C ಗೆ ಹೋಗಲು ಬಲಕ್ಕೆ 9, ಮೇಲಕ್ಕೆ 3. ಅನುಪಾತ 1 : 2 ಅಂದರೆ ಒಟ್ಟು ಮೂರು ಪಾಲು, B ಇಂದ ಒಂದು ಪಾಲು ದೂರ. 9 ರ ಮೂರರಲ್ಲಿ ಒಂದು 3, 3 ರ ಮೂರರಲ್ಲಿ ಒಂದು 1. ಹಾಗಾಗಿ B(−2, −1) ಇಂದ ಬಲಕ್ಕೆ 3, ಮೇಲಕ್ಕೆ 1. (1, 0). ಬಾಯಲ್ಲೇ ಆಗುತ್ತದೆ. ಉತ್ತರ ಪತ್ರಿಕೆಯಲ್ಲಿ ಸೂತ್ರ ಬರೆದು ಬಿಡಿಸು, ತಾಳೆ ನೋಡಲಿಕ್ಕೆ ಇದನ್ನು ಇಟ್ಟುಕೋ.

m₁ ಯಾವ ಕಡೆ ಎನ್ನುವುದಕ್ಕೆ ಹೀಗೆ ಯೋಚಿಸು. ಇಬ್ಬರು ಒಂದು ಕೋಲಿಗೆ ಮೀನಿನ ಬುಟ್ಟಿ ನೇತುಹಾಕಿ ಹೊತ್ತುಕೊಂಡು ಹೋಗುತ್ತಾರೆ. ಬುಟ್ಟಿ ಯಾರ ಹತ್ತಿರ ಇದೆಯೋ ಅವರಿಗೆ ಭಾರ ಜಾಸ್ತಿ. P ಬುಟ್ಟಿ, B ಮತ್ತು C ಹೊರುವವರು. P ಇರುವುದು B ಹತ್ತಿರ. ಆದ್ದರಿಂದ B ಯ ನಿರ್ದೇಶಾಂಕಕ್ಕೆ ದೊಡ್ಡ ಸಂಖ್ಯೆ, 2. C ಗೆ 1. ಸೂತ್ರದಲ್ಲಿ ಅಡ್ಡಡ್ಡ ಗುಣಿಸುವುದು ಇದೇ ಕಾರಣಕ್ಕೆ.

ಶಿರಸಿ_ತೋಟ

ಚರ್ಚೆ ಓದುತ್ತಿದ್ದೆ, ನನ್ನದೊಂದು ವಿಷಯ ಕೇಳಬಹುದಾ? ನಮ್ಮ ಅಡಿಕೆ ತೋಟದ ಒಂದು ತುಂಡು ಮೂರು ಮೂಲೆಯದ್ದು. ಅದರಲ್ಲಿ ತಮ್ಮನಿಗೆ ಒಂದು ಪಾಲು, ನನಗೆ ಎರಡು ಪಾಲು ಎಂದು ಮನೆಯಲ್ಲಿ ಮಾತಾಗಿದೆ. ಮೂರೂ ಮೂಲೆಕಲ್ಲಿನ ಹತ್ತಿರ ನಿಂತು ಮೊಬೈಲ್‌ನಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಂಡಿದ್ದೇನೆ. ಕೆಳಗಿನ ಬೇಲಿಯನ್ನು ಈ ಸೂತ್ರದಿಂದ 1 : 2 ಮಾಡಿ, ಆ ಬಿಂದುವಿನಿಂದ ಮೇಲಿನ ಕಲ್ಲಿಗೆ ಗೆರೆ ಎಳೆದರೆ ಜಾಗ ಕೂಡ ಒಂದಕ್ಕೆ ಎರಡು ಆಗುತ್ತದಾ? ಇನ್ನೊಂದು, ದೂರ ಸೂತ್ರ ಹಾಕಿದರೆ 0.0006 ಅಂತೆಲ್ಲ ಬರುತ್ತದೆ. ಅದು ಏನು ಅಳತೆ?

ಕಾಳಿ_ತೀರ

ಶಿರಸಿಯವರೇ, ಇದು ಪರೀಕ್ಷೆಯ ಪ್ರಶ್ನೆಯ ಚರ್ಚೆ. ನಿಮ್ಮದು ಬೇರೆ ಹಾಕಿದ್ದರೆ ಚೆನ್ನಾಗಿತ್ತು.

ಮಾಸ್ತರೇ, 108 ಡಿಗ್ರಿಗೆ ಇನ್ನೂ ಉತ್ತರ ಬಂದಿಲ್ಲ. ನಾನು ಎರಡು ಸಲ ಅಳೆದಿದ್ದೇನೆ.

ಕುಮಟಾ_ಮಾಸ್ತರು

ಇಬ್ಬರ ಪ್ರಶ್ನೆಗೂ ಒಂದೇ ಕಡೆ ಉತ್ತರ ಇದೆ. ಅದಕ್ಕೇ ತಡ ಮಾಡಿದೆ.

ಕಾಳಿ ತೀರದವರೇ, ನೀವು ಅಳೆದದ್ದು ಸರಿ. ನಿಮ್ಮ ಪ್ರಿಂಟಿನಲ್ಲಿ ಅಕ್ಷಗಳನ್ನೂ ಒಮ್ಮೆ ಅಳೆಯಿರಿ. x ಅಕ್ಷದಲ್ಲಿ 1 ಇಂದ 2 ಕ್ಕೆ ಎಷ್ಟು, y ಅಕ್ಷದಲ್ಲಿ 1 ಇಂದ 2 ಕ್ಕೆ ಎಷ್ಟು? ನನ್ನ ಕಣ್ಣಿಗೆ ಚೌಕಗಳು ಚೌಕವಾಗಿಲ್ಲ, ಅಗಲ ಜಾಸ್ತಿ, ಎತ್ತರ ಕಡಿಮೆ.

ಕಾಳಿ_ತೀರ

ಅಳೆದೆ. x ನಲ್ಲಿ 9 ಮಿಲಿಮೀಟರ್. y ನಲ್ಲಿ 6 ಮಿಲಿಮೀಟರ್.

ಕುಮಟಾ_ಮಾಸ್ತರು

ಅಷ್ಟೇ. ಪ್ರಶ್ನೆಪತ್ರಿಕೆ ಟೈಪ್ ಮಾಡಿದವರು ಚಿತ್ರ ಪುಟದಲ್ಲಿ ಕೂರಲಿ ಎಂದು ಮೇಲಿಂದ ಒತ್ತಿದಂತಿದೆ. ಕಂಪ್ಯೂಟರಿನಲ್ಲಿ ಚಿತ್ರದ ಮೂಲೆ ಬಿಟ್ಟು ಒಂದು ಬದಿ ಹಿಡಿದು ಎಳೆದರೆ ಹೀಗೇ ಆಗುತ್ತದೆ. ಈಗ ನಿಮ್ಮ ಅಳತೆಯನ್ನೇ ಲೆಕ್ಕ ಹಾಕೋಣ. AB ಅಡ್ಡ 3 ಮನೆ, 27 ಮಿ.ಮೀ. ನೆಟ್ಟ 6 ಮನೆ, 36 ಮಿ.ಮೀ. ಉದ್ದ 45 ಮಿ.ಮೀ., ನೀವು ಹೇಳಿದ ನಾಲ್ಕೂವರೆ ಸೆಂಟಿಮೀಟರ್. AC ಅಡ್ಡ 54, ನೆಟ್ಟ 18. ಉದ್ದ ಸುಮಾರು 57 ಮಿ.ಮೀ. ಅದೂ ಹೊಂದುತ್ತದೆ. ಈ ಎರಡರ ನಡುವಿನ ಕೋನ 108 ಡಿಗ್ರಿ ಚಿಲ್ಲರೆ. ಅಂದರೆ ನಿಮ್ಮ ಕೋನಮಾಪಕ ಸುಳ್ಳು ಹೇಳಿಲ್ಲ. ನೀವು ಅಳೆದದ್ದು ಒತ್ತಿದ ಚಿತ್ರವನ್ನು, ಪ್ರಶ್ನೆ ಕೇಳಿದ್ದು ಅಕ್ಷದ ಮೇಲೆ ಬರೆದ ಅಂಕಿಗಳ ತ್ರಿಭುಜವನ್ನು.

ಈಗ ಇನ್ನೊಂದು ಅಳತೆ ಮಾಡಿ. BC ಯನ್ನು ಸ್ಕೇಲಿನಲ್ಲಿ ಅಳೆದು, ಅದು x ಅಕ್ಷವನ್ನು ದಾಟುವ ಜಾಗ B ಇಂದ ಎಷ್ಟು ದೂರ ಇದೆ ನೋಡಿ.

ಕಾಳಿ_ತೀರ

BC 8.3 ಸೆಂ.ಮೀ. ದಾಟುವ ಜಾಗ B ಇಂದ 2.8. ಮೂರರಲ್ಲಿ ಒಂದು! ಚಿತ್ರ ಒತ್ತಿದ್ದರೂ ಇದು ಸರಿ ಬಂತಲ್ಲ?

ಕುಮಟಾ_ಮಾಸ್ತರು

ಹೌದು. ನಾನು ಹೇಳಬೇಕೆಂದಿದ್ದು ಇದನ್ನೇ. ಚಿತ್ರವನ್ನು ಅಡ್ಡ ಎಳೆದರೂ ಮೇಲಿಂದ ಒತ್ತಿದರೂ ಒಂದೇ ಗೆರೆಯ ಮೇಲಿನ ತುಂಡುಗಳ ಅನುಪಾತ ಬದಲಾಗುವುದಿಲ್ಲ. ಭಾಗ ಪ್ರಮಾಣ ಸೂತ್ರದಲ್ಲಿ x ನ ಲೆಕ್ಕ ಬೇರೆ, y ನ ಲೆಕ್ಕ ಬೇರೆ, ಎರಡೂ ಒಂದಕ್ಕೊಂದು ಸೇರುವುದೇ ಇಲ್ಲ. ಹಾಗಾಗಿ y ನ ಅಳತೆ ಬದಲಾದರೂ x ಗೆ ತಾಗುವುದಿಲ್ಲ. ದೂರ ಸೂತ್ರ ಹಾಗಲ್ಲ. ಅಲ್ಲಿ x ನ ವರ್ಗಕ್ಕೆ y ನ ವರ್ಗ ಕೂಡಿಸುತ್ತೇವೆ. ಎರಡರ ಅಳತೆ ಒಂದೇ ಇಲ್ಲದಿದ್ದರೆ ಆ ಕೂಡಿಸುವುದಕ್ಕೆ ಅರ್ಥವೇ ಇಲ್ಲ. ಉದ್ದ, ಕೋನ ಎರಡೂ ಕೆಡುತ್ತವೆ.

ಫೋಟೋ ಬಗ್ಗೆ ಒಂದು ಮಾತು. ಇದನ್ನು ಮೊಬೈಲ್ ನೇರ ಮೇಲೆ ಹಿಡಿದು ತೆಗೆದಿದ್ದೀರಿ, ಅದಕ್ಕೆ ಮೂರರಲ್ಲಿ ಒಂದು ಸಿಕ್ಕಿತು. ಓರೆಯಾಗಿ ಹಿಡಿದು ತೆಗೆದರೆ ಹತ್ತಿರದ ಮನೆಗಳು ದೊಡ್ಡದು, ದೂರದ ಮನೆಗಳು ಸಣ್ಣದು ಆಗುತ್ತವೆ. ಆಗ ಅನುಪಾತವೂ ಕೆಡುತ್ತದೆ. ತಿಳಿಯುವುದು ಸುಲಭ, x ಅಕ್ಷದಲ್ಲಿ ಎಡತುದಿಯ ಒಂದು ಮನೆ ಮತ್ತು ಬಲತುದಿಯ ಒಂದು ಮನೆ ಅಳೆದು ನೋಡಿ. ಸಮ ಇಲ್ಲದಿದ್ದರೆ ಸ್ಕೇಲ್ ಬದಿಗಿಟ್ಟು ಮನೆ ಎಣಿಸಬೇಕು. ಎಣಿಕೆ ಯಾವ ಫೋಟೋದಲ್ಲೂ ಕೆಡುವುದಿಲ್ಲ.

ಶಿರಸಿಯವರೇ, ನಿಮ್ಮದೂ ಇದೇ ಕಥೆ. ಅಕ್ಷಾಂಶ ರೇಖಾಂಶ ಡಿಗ್ರಿಯಲ್ಲಿವೆ, ನಿಮಗೆ ಬಂದ 0.0006 ಕೂಡ ಡಿಗ್ರಿ. ಅದರಲ್ಲೂ ಎರಡು ಕಡೆಯ ಡಿಗ್ರಿ ಸಮ ಅಲ್ಲ. ನಮ್ಮ ಶಿರಸಿ ಭಾಗದಲ್ಲಿ ಉತ್ತರ ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್, ಪೂರ್ವ ಪಶ್ಚಿಮಕ್ಕೆ ಸುಮಾರು 108. ಹಾಗಾಗಿ ದೂರ ಸೂತ್ರ ನೇರವಾಗಿ ಹಾಕುವಂತಿಲ್ಲ. ಮೊದಲು ಎರಡನ್ನೂ ಮೀಟರ್ ಮಾಡಿಕೊಳ್ಳಬೇಕು. ಆದರೆ ಬೇಲಿಯನ್ನು 1 : 2 ಮಾಡುವ ಬಿಂದು ಡಿಗ್ರಿಯಲ್ಲೇ ಹಾಕಿದರೂ ಸರಿ ಬರುತ್ತದೆ. ತೋಟದಷ್ಟು ಸಣ್ಣ ಜಾಗಕ್ಕೆ ಏನೂ ತೊಂದರೆ ಇಲ್ಲ.

ಯಲ್ಲಾಪುರ_ಅಕ್ಕೋರು

ಜಾಗದ ಪ್ರಶ್ನೆಗೆ ನಾನು ಸೇರಿಸುತ್ತೇನೆ. ಈ ಪರೀಕ್ಷೆಯ ತ್ರಿಭುಜದಲ್ಲೇ ನೋಡಬಹುದು. A(1, 5), P(1, 0). AP ನೆಟ್ಟಗೆ ನಿಂತ ಗೆರೆ, ಉದ್ದ 5. ಆ ಗೆರೆಯಿಂದ B ಎಡಕ್ಕೆ 3 ದೂರ, C ಬಲಕ್ಕೆ 6 ದೂರ. ABP ವಿಸ್ತೀರ್ಣ ½ × 5 × 3 = 7.5. APC ವಿಸ್ತೀರ್ಣ ½ × 5 × 6 = 15. ಒಂದಕ್ಕೆ ಎರಡು. ಒಟ್ಟು 22.5. ಪೂರ್ತಿ ತ್ರಿಭುಜವನ್ನು ಬೇರೆ ದಾರಿಯಲ್ಲಿ ನೋಡಿದರೂ ½ × √45 × √45 = 22.5. ಎರಡು ತುಂಡಿಗೂ ಮೇಲಿನ ಮೂಲೆ ಒಂದೇ, ಎತ್ತರ ಒಂದೇ. ಹಾಗಾಗಿ ಪಾದ ಹಂಚಿದ ಹಾಗೆಯೇ ಜಾಗ ಹಂಚಿಹೋಗುತ್ತದೆ. ನಿಮ್ಮ ತೋಟಕ್ಕೂ ಅದೇ.

ನಿರ್ದೇಶಾಂಕದಿಂದ ತ್ರಿಭುಜದ ವಿಸ್ತೀರ್ಣ ತೆಗೆಯುವ ಸೂತ್ರವನ್ನು 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಹತ್ತನೇ ತರಗತಿಯಿಂದ ತೆಗೆಯಿತು. ನನಗೆ ಅದು ಸರಿ ಕಾಣುವುದಿಲ್ಲ. ಅದು ಇದ್ದಿದ್ದರೆ ಮಕ್ಕಳಿಗೆ P ತಾಳೆ ನೋಡಲು ಇನ್ನೊಂದು ದಾರಿ ಇರುತ್ತಿತ್ತು.

ಶಿರಸಿ_ತೋಟ

ಬಹಳ ಉಪಕಾರ ಆಯಿತು ಅಕ್ಕೋರೆ, ಮಾಸ್ತರೇ. ಹಾಗಾದರೆ ಮೊಬೈಲ್ ಅಳತೆಯ ಮೇಲೇ ಕಲ್ಲು ನೆಟ್ಟುಬಿಡಬಹುದಾ?

ಕುಮಟಾ_ಮಾಸ್ತರು

ಬೇಡ. ಸೂತ್ರ ಸರಿ, ಮೊಬೈಲ್ ಕೊಟ್ಟ ಬಿಂದು ಅಷ್ಟು ಸರಿ ಇರುವುದಿಲ್ಲ. ಬಯಲಲ್ಲೇ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಅಡಿಕೆ ಮರದ ನೆರಳಲ್ಲಿ ಇನ್ನೂ ಜಾಸ್ತಿ. ಬೇಲಿ ಅರವತ್ತು ಮೀಟರ್ ಇದ್ದರೆ ಐದು ಮೀಟರ್ ವ್ಯತ್ಯಾಸಕ್ಕೆ ಎಷ್ಟು ಮರ ಆಚೆ ಹೋಗುತ್ತವೆ ಲೆಕ್ಕ ಹಾಕಿ. ಮನೆಯವರು ಕೂತು ನೋಡಿಕೊಳ್ಳಲು ಟೇಪ್ ಹಿಡಿದು ಬೇಲಿಯ ಮೂರರಲ್ಲಿ ಒಂದು ಅಳೆದರೆ ಸಾಕು. ಪಾಲು ನೋಂದಣಿಗೆ ಹೇಗೂ ಸರ್ವೆಯವರ 11ಇ ನಕ್ಷೆ ಬೇಕು, ಅವರು ಅಳೆದದ್ದೇ ಕೊನೆ.

ಭಟ್ಕಳ_ಸಂಜೆಕ್ಲಾಸ್

ನನ್ನ ಒಂದು ಆಕ್ಷೇಪ ಇದೆ. ಪ್ರಶ್ನೆಯಲ್ಲಿ "BC ಬಾಹುವನ್ನು 1 : 2" ಎಂದಿದೆ, "BP : PC = 1 : 2" ಎಂದಿಲ್ಲ. C ಇಂದ ಎಣಿಸಿದವರಿಗೆ (4, 1) ಬರುತ್ತದೆ. ಆ ಹುಡುಗಿಗೆ ಅಂಕ ಕಡಿದದ್ದು ನ್ಯಾಯವಲ್ಲ.

ಯಲ್ಲಾಪುರ_ಅಕ್ಕೋರು

BC ಎಂದು ಬರೆದರೆ B ಇಂದಲೇ ಎಣಿಸುವುದು ರೂಢಿ. ಬಿಂದುಗಳನ್ನು ಯಾವ ಕ್ರಮದಲ್ಲಿ ಹೇಳಿದ್ದಾರೋ ಅನುಪಾತವೂ ಅದೇ ಕ್ರಮ. ಆದರೆ BP : PC ಎಂದು ಬಿಡಿಸಿ ಬರೆದಿದ್ದರೆ ಯಾರಿಗೂ ಸಂಶಯ ಇರುತ್ತಿರಲಿಲ್ಲ, ಒಪ್ಪುತ್ತೇನೆ. ನಾನು ಪ್ರಶ್ನೆ ತೆಗೆಯುವಾಗ ಹಾಗೇ ಬರೆಯುತ್ತೇನೆ.

ಅಂಕದ ವಿಷಯಕ್ಕೆ ನಾನು ತಿದ್ದುವುದಾದರೆ ಒಂದು ಕೊಡುತ್ತಿದ್ದೆ. ಸೂತ್ರ ಸರಿ ಬರೆದಿದ್ದರೆ ಅರ್ಧ, ಅವಳ P ಇಂದ ದೂರ ಸೂತ್ರ ಸರಿ ಹಾಕಿ 5 ತಂದಿದ್ದಕ್ಕೆ ಅರ್ಧ.

ಕುಮಟಾ_ಮಾಸ್ತರು

ನಾನು ಅರ್ಧವೇ ಕೊಡುತ್ತಿದ್ದೆ ಅಕ್ಕೋರೆ. ಸೂತ್ರ ಸರಿ ಬರೆದು ಬೆಲೆ ಹಾಕುವಾಗ ತಪ್ಪಿದರೆ ಒಂದು ಮಾತು. ಅವಳು ಸೂತ್ರವನ್ನೇ m₁x₁ + m₂x₂ ಎಂದು ಬರೆದಿದ್ದರೆ ಇನ್ನೊಂದು ಮಾತು. ಫೋಟೋದಲ್ಲಿ ಪ್ರಶ್ನೆ ಮಾತ್ರ ಇದೆ, ಉತ್ತರ ಪತ್ರಿಕೆ ಇಲ್ಲ.

ಅಂಕೋಲೆ_ಚಿಕ್ಕಮ್ಮ

ಉತ್ತರ ಪತ್ರಿಕೆ ಈಗ ಅವಳ ಕೈಯಲ್ಲೇ ಇದೆ, ನೋಡಿದೆ. ಸೂತ್ರ ಬರೆದೇ ಇಲ್ಲ. ನೇರ ಅಂಕಿ ಹಾಕಿ (−2 + 14)/3 ಎಂದು ಬರೆದಿದ್ದಾಳೆ. ಮಧ್ಯಬಿಂದುವಿನ ವಿಷಯ ಹೇಳಿದ ಮೇಲೆ ಅವಳೇ ಗ್ರಾಫ್ ಹಾಳೆಯಲ್ಲಿ ಸರಿಯಾದ ಚೌಕದಲ್ಲಿ ತ್ರಿಭುಜ ಬರೆದಳು. ಎರಡೂ P ಗುರುತು ಮಾಡಿ A ಗೆ ಗೆರೆ ಎಳೆದಿದ್ದಾಳೆ. ಕೈವಾರ ಇಟ್ಟು ನೋಡಿದರೆ ಎರಡಕ್ಕೂ ಒಂದೇ ಅಗಲ.

ಈಗ ಅವಳ ಹೊಸ ಪ್ರಶ್ನೆ. ಅವಳ ಗೆಳತಿ 1 : 2 ಅಂದರೆ BC ಯ ಮೂರರಲ್ಲಿ ಒಂದು ಎನ್ನುತ್ತಾಳಂತೆ, ಇನ್ನೊಬ್ಬಳು ಅರ್ಧ ಎನ್ನುತ್ತಾಳಂತೆ. ಯಾವುದು?

ಯಲ್ಲಾಪುರ_ಅಕ್ಕೋರು

ಮೂರರಲ್ಲಿ ಒಂದು ಸರಿ. BP ಯು PC ಯ ಅರ್ಧ, BC ಯ ಮೂರರಲ್ಲಿ ಒಂದು. ಎರಡನೇ ಹುಡುಗಿ PC ಯ ಅರ್ಧ ಎಂದು ಹೇಳಿದ್ದರೆ ಅವಳದ್ದೂ ತಪ್ಪಲ್ಲ, ಯಾವುದರ ಅರ್ಧ ಎಂದು ಕೇಳಿ.

ಇದು ತಿರುಗಿಸಿಯೂ ಬರುತ್ತದೆ. A(−1, 3), B(4, −2) ಕೊಟ್ಟು, AB ಮೇಲೆ AP = ⅖ AB ಆಗುವಂತೆ P ಹುಡುಕಿ ಎಂದರೆ ಬಹಳ ಮಕ್ಕಳು 2 : 5 ಹಾಕುತ್ತಾರೆ. ಐದು ಇಡೀ ಗೆರೆ, ಉಳಿದದ್ದು ಮೂರು. ಹಾಕಬೇಕಾದದ್ದು 2 : 3. ಆಗ P(1, 1). ಅವಳಿಗೆ ಇದನ್ನು ಕೊಟ್ಟು ನೋಡಿ. P ಸಿಕ್ಕ ಮೇಲೆ AP, PB ಎರಡನ್ನೂ ತೆಗೆಯಲು ಹೇಳಿ. 2√2 ಮತ್ತು 3√2 ಬರಬೇಕು.

ಹೊನ್ನಾವರ_ಟೆಂತ್

ನಾನು ಮಾಡಿದೆ ಅಕ್ಕೋರೆ, ಮೊದಲು (3/7, 11/7) ಬಂತು, ಆಮೇಲೆ 2 : 3 ಹಾಕಿದೆ, (1, 1) ಬಂತು. ಇದರಲ್ಲಿ ಭಿನ್ನರಾಶಿ ಬಂದದ್ದು ತಪ್ಪಾಗಿದ್ದಕ್ಕೇ ಅಲ್ವಾ? ಹಾಗಾದರೆ ಭಟ್ಕಳ ಸರ್ ಹೇಳಿದ್ದು ಇಲ್ಲಿ ಸರಿ ಆಯಿತಲ್ಲ?

ಯಲ್ಲಾಪುರ_ಅಕ್ಕೋರು

ಇಲ್ಲಿ ಸರಿ ಆಯಿತು. B ಯನ್ನು (4, −1) ಮಾಡಿ ಅದೇ ⅖ ಹಾಕಿ ನೋಡಪ್ಪ. ಸರಿ ಮಾಡಿದರೂ y ಭಿನ್ನರಾಶಿಯಲ್ಲೇ ಬರುತ್ತದೆ.

ಹೊನ್ನಾವರ_ಟೆಂತ್

(1, 7/5). ಹೌದು.

ಅಂಕೋಲೆ_ಚಿಕ್ಕಮ್ಮ

ಅವಳೂ (1, 1) ತಂದಳು, 2√2, 3√2 ಎರಡೂ ಬಂದವು. ನಾಳೆ ಶಾಲೆಯಲ್ಲಿ ಅರ್ಧ ಅಂಕದ ವಿಷಯ ಅವಳೇ ಕೇಳುತ್ತಾಳಂತೆ. ಜೊತೆಗೆ ಒತ್ತಿದ ಚಿತ್ರದ ವಿಷಯವನ್ನೂ ಹೇಳಲು ಹೇಳಿದ್ದೇನೆ, ಮುಂದಿನ ಪೇಪರಿಗಾದರೂ ಚೌಕ ಚೌಕವಾಗಿ ಬರಲಿ. ಏನು ಹೇಳಿದರು ಎಂದು ಇಲ್ಲೇ ಹಾಕುತ್ತೇನೆ.